ಪಿಎಸ್5ರ ಜಾಗ ತುಂಬಿದಾಗ: ಯಾವ ಆಟ ಎಲ್ಲಿರಬೇಕು?

ಹುಬ್ಬಳ್ಳಿಯಲ್ಲಿರುವ ಅಕ್ಕನ ಮಗ ದಸರಾ ರಜೆಯಲ್ಲಿ ಫೋನ್ ಮಾಡಿದ್ದ. "ಮಾಮ, ಅಪ್‌ಡೇಟ್ ಇಳಿಯುತ್ತಿಲ್ಲ, ಜಾಗವಿಲ್ಲ ಎಂದು ತೋರಿಸುತ್ತಿದೆ. ಹೊಸ ಎಸ್‌ಎಸ್‌ಡಿ ಕೊಂಡುಬಿಡಲೇ?" ಅವನ ಬಳಿ ಇರುವುದು ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 5, ಅಂದರೆ ಪಿಎಸ್5ರ ಮೊದಲ ಮಾದರಿ. ಪೆಟ್ಟಿಗೆಯ ಮೇಲೆ 825 ಜಿಬಿ ಎಂದಿದ್ದರೂ ಆಟಗಳಿಗೆ ಸಿಗುವುದು ಸುಮಾರು 667 ಜಿಬಿ ಮಾತ್ರ. ನಾನು ಕೊಳ್ಳಬೇಡ ಎನ್ನಲಿಲ್ಲ, ಕೊಂಡುಬಿಡು ಎಂದೂ ಹೇಳಲಿಲ್ಲ. ಯಾವ ಆಟಗಳಿವೆ, ಒಂದೊಂದೂ ಎಷ್ಟು ಜಾಗ ಹಿಡಿದಿದೆ ಎಂದು ಬರೆದು ಕಳಿಸು ಎಂದೆ. ಜಾಗ ತುಂಬಿದಾಗ ಮಾಡಬೇಕಾದ ಮೊದಲ ಕೆಲಸ ಅದೇ. ಪಿಎಸ್5ರಲ್ಲಿ ಒಂದು ಆಟ ಎಲ್ಲಿ ಕುಳಿತಿದೆ ಎಂಬುದರ ಮೇಲೆ ಅದು ಬೇಗ ತೆರೆಯುತ್ತದೆಯೇ, ನಿಧಾನವಾಗಿ ತೆರೆಯುತ್ತದೆಯೇ, ಅಥವಾ ತೆರೆಯುವುದೇ ಇಲ್ಲವೇ ಎಂಬುದು ನಿಂತಿದೆ. ಎಲ್ಲ ಆಟಕ್ಕೂ ವೇಗದ ಜಾಗ ಬೇಕಾಗಿಲ್ಲ.

ವೇಗ ಬರುವುದು ಎಲ್ಲಿಂದ

ಪಿಎಸ್4ರ ಒಳಗಿದ್ದದ್ದು ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಅಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ದತ್ತಾಂಶ ತಟ್ಟೆಯ ಯಾವುದೋ ಮೂಲೆಯಲ್ಲಿರುತ್ತದೆ. ಓದುವ ತೋಳು ಮೊದಲು ಆ ಸಾಲಿಗೆ ಸರಿಯಬೇಕು, ಆಮೇಲೆ ತಟ್ಟೆ ತಿರುಗಿ ಆ ಜಾಗ ತೋಳಿನ ಕೆಳಗೆ ಬರುವವರೆಗೆ ಕಾಯಬೇಕು. ಎರಡೂ ಸೇರಿ ಒಂದು ಹುಡುಕಾಟಕ್ಕೆ 15 ಮಿಲಿಸೆಕೆಂಡು ಎಂದಿಟ್ಟುಕೊಳ್ಳೋಣ. ಕೇಳಲು ಏನೂ ಅಲ್ಲ. ಆದರೆ ಆಟದ ಒಂದು ಊರು ತೆರೆದುಕೊಳ್ಳಲು ಗೋಡೆ, ಮರ, ಮುಖ, ಹೆಜ್ಜೆಯ ಸದ್ದು ಎಂದು ಎರಡು ಸಾವಿರ ಚೂರುಗಳನ್ನು ಬೇರೆ ಬೇರೆ ಕಡೆಯಿಂದ ಎತ್ತಿ ತರಬೇಕಾದರೆ ಹುಡುಕಾಟಕ್ಕೇ 30 ಸೆಕೆಂಡು ಹೋಗುತ್ತದೆ. ಓದುವ ಕೆಲಸ ಇನ್ನೂ ಬಾಕಿ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ತೋಳೂ ಇಲ್ಲ. ಚಿಪ್‌ನಲ್ಲಿ ಯಾವ ಜಾಗವನ್ನು ಕೇಳಿದರೂ ಸುಮಾರು 0.1 ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. ಅದೇ ಎರಡು ಸಾವಿರ ಹುಡುಕಾಟಗಳನ್ನು ಒಂದಾದ ಮೇಲೊಂದರಂತೆ ಮಾಡಿದರೂ 0.2 ಸೆಕೆಂಡು ಸಾಕು.

ಅಂಗಡಿಯವರು ತೋರಿಸುವ ಸೆಕೆಂಡಿಗೆ ಇಷ್ಟು ಎಂಬಿ ಎಂಬ ಸಂಖ್ಯೆಗಿಂತ ಈ ಹುಡುಕಾಟದ ಉಳಿತಾಯವೇ ದೊಡ್ಡದು. ಆ ಸಂಖ್ಯೆಯೂ ಚಿಕ್ಕದಲ್ಲ ಎನ್ನಿ. ಪಿಎಸ್5ರ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲಿ ಕೊಟ್ಟ ವಿವರಣೆಯ ಪ್ರಕಾರ, ಪಿಎಸ್4ರ ಹಾರ್ಡ್ ಡಿಸ್ಕ್ ಓದುತ್ತಿದ್ದದ್ದು ಸೆಕೆಂಡಿಗೆ 50ರಿಂದ 100 ಎಂಬಿ, ಪಿಎಸ್5ರ ಎಸ್‌ಎಸ್‌ಡಿ ಓದುವುದು 5.5 ಜಿಬಿ. ಅದರ ಜೊತೆಗೆ, ಕುಗ್ಗಿಸಿಟ್ಟ ದತ್ತಾಂಶವನ್ನು ಬಿಚ್ಚುವ ಕೆಲಸಕ್ಕೆಂದೇ ಕನ್ಸೋಲ್‌ನಲ್ಲಿ ಪ್ರತ್ಯೇಕ ಯಂತ್ರಾಂಗವಿದೆ. ಹೀಗಾಗಿ ಎಸ್‌ಎಸ್‌ಡಿ ತಂದುಕೊಟ್ಟದ್ದನ್ನು ಬಿಚ್ಚುತ್ತಾ ಪ್ರೊಸೆಸರ್ ಸುಸ್ತಾಗುವುದಿಲ್ಲ. ಹಳೆಯ ಪಿಎಸ್4ಕ್ಕೆ ಎಸ್‌ಎಸ್‌ಡಿ ಹಾಕಿಸಿದವರಿಗೆ ಲಾಭವಾದರೂ ಈ ಮಟ್ಟದ ಲಾಭ ಸಿಗಲಿಲ್ಲ. ಆ ಕನ್ಸೋಲನ್ನು ಇಷ್ಟು ವೇಗದ ಸ್ಟೋರೇಜ್‌ಗೆಂದು ಕಟ್ಟಿರಲಿಲ್ಲ.

ಅದೇ ಭಾಷಣದ ಒಂದು ವಿವರ ನನ್ನ ಮನಸ್ಸಿನಲ್ಲಿ ಉಳಿದಿದೆ. ಪಿಎಸ್4ರ ಸ್ಪೈಡರ್‌ಮ್ಯಾನ್ ಆಟದಲ್ಲಿ ರಸ್ತೆ ಬದಿಯ ಅಂಚೆಪೆಟ್ಟಿಗೆಯಂಥ ವಸ್ತುಗಳು ಡಿಸ್ಕ್‌ನಲ್ಲಿ ನಾನೂರು ಸಲ ಇದ್ದವಂತೆ. ನಗರದ ಪ್ರತಿ ಬಡಾವಣೆಯ ದತ್ತಾಂಶದ ಪಕ್ಕದಲ್ಲೇ ಅದರದೊಂದು ಪ್ರತಿ ಇದ್ದರೆ ತೋಳು ದೂರ ಓಡಬೇಕಾಗಿಲ್ಲ ಎಂಬುದು ಲೆಕ್ಕಾಚಾರ. ಸಮಯ ಉಳಿಸಲು ಜಾಗವನ್ನು ಬಲಿ ಕೊಡುತ್ತಿದ್ದರು. ಎಸ್‌ಎಸ್‌ಡಿ ಬಂದ ಮೇಲೆ ಈ ನಕಲುಗಳ ಅಗತ್ಯವಿಲ್ಲ. 2025ರ ಕೊನೆಯಲ್ಲಿ ಹೆಲ್‌ಡೈವರ್ಸ್ 2 ಆಟದ ಪಿಸಿ ಆವೃತ್ತಿಯಿಂದ ಇಂಥ ನಕಲುಗಳನ್ನು ತೆಗೆದಾಗ ಅದು ಸುಮಾರು 154 ಜಿಬಿಯಿಂದ 23 ಜಿಬಿಗೆ ಇಳಿಯಿತು. ಹಾರ್ಡ್ ಡಿಸ್ಕ್ ಇರುವವರಿಗೂ ಕೆಲವೇ ಸೆಕೆಂಡಿನ ವ್ಯತ್ಯಾಸವಾಯಿತು, ಏಕೆಂದರೆ ಆ ಆಟದಲ್ಲಿ ಹೆಚ್ಚು ಹೊತ್ತು ಹಿಡಿಯುತ್ತಿದ್ದದ್ದು ಡಿಸ್ಕ್ ಓದುವುದಲ್ಲ, ಯುದ್ಧಭೂಮಿಯನ್ನು ಪ್ರೊಸೆಸರ್ ಹೊಸದಾಗಿ ಕಟ್ಟುವ ಕೆಲಸ.

ಎಸ್‌ಎಸ್‌ಡಿಯ ಮಿತಿಯೂ ಇಲ್ಲಿಯೇ ಇದೆ. ಕಾಯುವಿಕೆ ಡಿಸ್ಕ್‌ನಿಂದ ಬಂದಿದ್ದರೆ ಮಾತ್ರ ಅದು ಕರಗುತ್ತದೆ. ಆನ್‌ಲೈನ್ ಪಂದ್ಯದಲ್ಲಿ ಉಳಿದ ಆಟಗಾರರು ಸೇರಲಿ ಎಂದು ಕಾಯುವ ಸಮಯವನ್ನು ಯಾವ ಎಸ್‌ಎಸ್‌ಡಿಯೂ ಕಡಿಮೆ ಮಾಡಲಾರದು. ನಿಮ್ಮ ಆಟ ಯಾವ ಬಗೆಯದು ಎಂದು ತಿಳಿಯಲು, ಒಬ್ಬರೇ ಆಡುವ ಭಾಗದಲ್ಲಿ ಉಳಿಸಿಟ್ಟ ಜಾಗದಿಂದ ಆಟವನ್ನು ತೆರೆಯಿರಿ. ಅಲ್ಲಿ ಐದಾರು ಸೆಕೆಂಡಿಗೆ ತೆರೆದು, ಆನ್‌ಲೈನ್ ಪಂದ್ಯಕ್ಕೆ ಮಾತ್ರ ಒಂದು ನಿಮಿಷ ಹಿಡಿಯುತ್ತಿದ್ದರೆ ಸ್ಟೋರೇಜ್‌ಗೆ ಹಣ ಸುರಿಯಬೇಡಿ.

ಮೊದಲನೆಯ ದಾರಿ: ಅಳಿಸಿ, ಬೇಕಾದಾಗ ಮತ್ತೆ ಇಳಿಸಿಕೊಳ್ಳುವುದು

ಇದಕ್ಕೆ ಖರ್ಚಿಲ್ಲ. ಆದರೆ ಇದು ನಿಮ್ಮ ಮನೆಯ ಇಂಟರ್ನೆಟ್ಟನ್ನು ಅವಲಂಬಿಸಿದೆ. 100 ಜಿಬಿಯ ಆಟ 100 ಎಂಬಿಪಿಎಸ್ ಸಂಪರ್ಕದಲ್ಲಿ ಪೂರ್ತಿ ವೇಗ ಸಿಕ್ಕರೆ ಎರಡೂಕಾಲು ಗಂಟೆಯಲ್ಲಿ ಇಳಿಯುತ್ತದೆ. 40 ಎಂಬಿಪಿಎಸ್ ಆದರೆ ಐದೂವರೆ ಗಂಟೆ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಆಡಬಹುದು. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಡೇಟಾವನ್ನೇ ನಂಬಿರುವ ಮನೆಯಲ್ಲಿ ಅದೇ ಆಟಕ್ಕೆ 50 ದಿನ ಬೇಕು. ಅಂಥವರು ಏನನ್ನೇ ಅಳಿಸುವ ಮೊದಲು ಎರಡು ಸಲ ಯೋಚಿಸಬೇಕು, ಅವರಿಗೆ ಮುಂದಿನ ದಾರಿಯೇ ಸರಿ. ಬ್ಲೂ-ರೇ ತಟ್ಟೆಯ ರೂಪದಲ್ಲಿ ಆಟ ಕೊಂಡವರಿಗೆ ಇಲ್ಲಿ ಒಂದು ಅನುಕೂಲವಿದೆ, ಆಟದ ಬಹುಪಾಲು ತಟ್ಟೆಯಿಂದಲೇ ಮತ್ತೆ ಇಳಿಯುತ್ತದೆ, ನಂತರದ ತಿದ್ದುಪಡಿಗಳಿಗೆ ಮಾತ್ರ ಇಂಟರ್ನೆಟ್ ಬೇಕು. ತಟ್ಟೆ ಇದ್ದರೂ ಆಟ ನಡೆಯುವುದು ಎಸ್‌ಎಸ್‌ಡಿಯಿಂದಲೇ ಆದ್ದರಿಂದ ಅದು ಹಿಡಿಯುವ ಜಾಗವೇನೂ ಕಡಿಮೆಯಾಗುವುದಿಲ್ಲ.

ಆಟವನ್ನು ಅಳಿಸಿದರೆ ಆಡಿದ ಪ್ರಗತಿ ಹೋಗುತ್ತದೆ ಎಂದು ಅನೇಕರು ಹೆದರುತ್ತಾರೆ. ಹೋಗುವುದಿಲ್ಲ. ಆಟ ಬೇರೆ, ಉಳಿಸಿಟ್ಟ ಪ್ರಗತಿಯ ಕಡತ ಬೇರೆ. ಆಟವನ್ನು ಅಳಿಸಿದಾಗ ಪ್ರಗತಿಯ ಕಡತ ಕನ್ಸೋಲ್‌ನಲ್ಲೇ ಇರುತ್ತದೆ. ಅದು ಹೋಗುವುದು ನೀವಾಗಿ `Settings > Saved Data and Game/App Settings` ಒಳಹೊಕ್ಕು ಅಳಿಸಿದರೆ ಅಥವಾ ಕನ್ಸೋಲನ್ನು ಪೂರ್ತಿ ರೀಸೆಟ್ ಮಾಡಿದರೆ. ಪಿಎಸ್4 ಆಟಗಳ ಪ್ರಗತಿಯನ್ನು ಪೆನ್‌ಡ್ರೈವ್‌ಗೆ ನಕಲು ಮಾಡಬಹುದು. ಪಿಎಸ್5 ಆಟಗಳದ್ದನ್ನು ಹಾಗೆ ಮಾಡಲು ಬರುವುದಿಲ್ಲ, ಅದಕ್ಕೆ ಪಿಎಸ್ ಪ್ಲಸ್ ಚಂದಾದಾರರಿಗೆ ಸಿಗುವ ಆನ್‌ಲೈನ್ ಸಂಗ್ರಹವಿದೆ.

ಎರಡನೆಯ ದಾರಿ: ಯುಎಸ್‌ಬಿ ಹಾರ್ಡ್ ಡಿಸ್ಕ್

ನಮ್ಮ ಹಳೆಯ ಮನೆಗಳ ಅಟ್ಟವನ್ನು ನೆನಪಿಸಿಕೊಳ್ಳಿ. ಹಬ್ಬದ ದೊಡ್ಡ ಪಾತ್ರೆಗಳು ಅಲ್ಲಿರುತ್ತವೆ, ಅಡುಗೆ ನಡೆಯುವುದು ಮಾತ್ರ ಕೆಳಗೆ. ಪಿಎಸ್5 ಆಟಗಳಿಗೆ ಹೊರಗಿನ ಯುಎಸ್‌ಬಿ ಡಿಸ್ಕ್ ಅಂಥ ಅಟ್ಟ. 2021ರ ಏಪ್ರಿಲ್‌ನ ಅಪ್‌ಡೇಟ್‌ನಿಂದ ಅವುಗಳನ್ನು ಅಲ್ಲಿಗೆ ಎತ್ತಿಡಬಹುದು, ಆದರೆ ಅಲ್ಲಿಂದ ಆಡಲು ಬರುವುದಿಲ್ಲ. ಆಡಬೇಕಾದಾಗ ಮತ್ತೆ ಕನ್ಸೋಲ್‌ಗೆ ಇಳಿಸಿಕೊಳ್ಳಬೇಕು. ಸಾಮಾನ್ಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದುತ್ತದೆ ಎಂದರೆ 100 ಜಿಬಿ ಆಟಕ್ಕೆ ಸುಮಾರು 17 ನಿಮಿಷ. ಕಾಫಿ ಮಾಡಿ ಕುಡಿಯುವಷ್ಟು ಹೊತ್ತು. ಐದೂವರೆ ಗಂಟೆಯ ಡೌನ್‌ಲೋಡ್ ಜೊತೆ ಇಟ್ಟು ನೋಡಿದರೆ ಇದರ ಬೆಲೆ ತಿಳಿಯುತ್ತದೆ.

ಪಿಎಸ್4 ಆಟಗಳ ವಿಷಯ ಬೇರೆ. ಅವು ಯುಎಸ್‌ಬಿ ಡಿಸ್ಕ್‌ನಿಂದಲೇ ನಡೆಯುತ್ತವೆ. ಹಾರ್ಡ್ ಡಿಸ್ಕ್ ಆದರೆ ಹಳೆಯ ಪಿಎಸ್4ರಲ್ಲಿ ಕಾಯುತ್ತಿದ್ದ ಹಾಗೆಯೇ ಸ್ವಲ್ಪ ಕಾಯಬೇಕು, ಅಷ್ಟೆ. ಆದ್ದರಿಂದ ಪಿಎಸ್5ರ ಒಳಗಿನ ದುಬಾರಿ ಎಸ್‌ಎಸ್‌ಡಿಯಲ್ಲಿ ಪಿಎಸ್4 ಆಟಗಳನ್ನು ತುಂಬಿಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪೋಲು. `Settings > Storage > Installation Location` ನಲ್ಲಿ ಪಿಎಸ್4 ಆಟಗಳೆಲ್ಲ ನೇರವಾಗಿ ಯುಎಸ್‌ಬಿ ಡಿಸ್ಕ್‌ಗೇ ಇಳಿಯುವಂತೆ ಒಮ್ಮೆ ಹೇಳಿಟ್ಟರೆ ಮುಂದೆ ಅದರ ಚಿಂತೆಯೇ ಇರುವುದಿಲ್ಲ.

ಎಡವುವ ಜಾಗಗಳೂ ಇವೆ. ಡಿಸ್ಕ್ 250 ಜಿಬಿಗಿಂತ ಚಿಕ್ಕದಿರಬಾರದು, 8 ಟಿಬಿಗಿಂತ ದೊಡ್ಡದಿರಬಾರದು, ಯುಎಸ್‌ಬಿ 3.0 ಅಥವಾ ಅದಕ್ಕಿಂತ ಹೊಸದಿರಬೇಕು, ಹಬ್ ಮೂಲಕ ಜೋಡಿಸಬಾರದು. ಮೊದಲ ಮಾದರಿಯ ಪಿಎಸ್5ರ ಮುಂಭಾಗದ ಅಗಲವಾದ ಯುಎಸ್‌ಬಿ ಕಿಂಡಿ ಹಳೆಯ 2.0 ವೇಗದ್ದು. ಅಲ್ಲಿ ಚುಚ್ಚಿ, ಡಿಸ್ಕ್ ಕೆಲಸ ಮಾಡುತ್ತಿಲ್ಲ ಎಂದುಕೊಳ್ಳುವವರು ಬಹಳ. ಹಿಂಭಾಗದ ಕಿಂಡಿಗೇ ಚುಚ್ಚಿ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಪಿಎಸ್5 ಆ ಡಿಸ್ಕನ್ನು ತನಗೆ ಬೇಕಾದಂತೆ ಫಾರ್ಮ್ಯಾಟ್ ಮಾಡುತ್ತದೆ, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮನೆಯ ಕಪಾಟಿನಲ್ಲಿ ಸಿಗುವ ಹಳೆಯ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಅಕ್ಕನ ಮನೆಯಲ್ಲಿ ಸಿಕ್ಕ 1 ಟಿಬಿ ಡಿಸ್ಕ್‌ನಲ್ಲಿ ಅವಳ ಗೃಹಪ್ರವೇಶದ ಫೋಟೊಗಳಿದ್ದವು. ಅವನ್ನು ಲ್ಯಾಪ್‌ಟಾಪ್‌ಗೆ ನಕಲು ಮಾಡಿ, ಒಂದೆರಡನ್ನು ತೆರೆದು ನೋಡಿದ ಮೇಲೆಯೇ ಡಿಸ್ಕನ್ನು ಕನ್ಸೋಲ್‌ಗೆ ಜೋಡಿಸಲು ಹುಡುಗನಿಗೆ ಹೇಳಿದೆ.

ಮೂರನೆಯ ದಾರಿ: ಯುಎಸ್‌ಬಿ ಎಸ್‌ಎಸ್‌ಡಿ

ಇದೂ ಅಟ್ಟವೇ, ಆದರೆ ಏಣಿ ಗಟ್ಟಿ. ಪಿಎಸ್5 ಆಟಗಳನ್ನು ಇದರಿಂದಲೂ ಆಡಲಾಗದು. ಎಷ್ಟೇ ದುಬಾರಿ ಡಿಸ್ಕ್ ತಂದರೂ ಈ ನಿಯಮ ಬದಲಾಗುವುದಿಲ್ಲ, ಏಕೆಂದರೆ ಆ ಕಿಂಡಿಯ ವೇಗವೇ ಒಳಗಿನ ಎಸ್‌ಎಸ್‌ಡಿಯ ಹತ್ತಿರ ಬರುವುದಿಲ್ಲ. ನಕಲು ಮಾತ್ರ ಬೇಗ, 17 ನಿಮಿಷದ ಕೆಲಸ ನಾಲ್ಕೈದು ನಿಮಿಷಕ್ಕೆ ಮುಗಿಯುತ್ತದೆ. ಪಿಎಸ್4 ಆಟಗಳು ಇದರಿಂದ ಬಹುಮಟ್ಟಿಗೆ ಒಳಗಿನ ಎಸ್‌ಎಸ್‌ಡಿಯಷ್ಟೇ ಬೇಗ ತೆರೆಯುತ್ತವೆ, ಹುಡುಕಾಟದ ಕಾಯುವಿಕೆ ಇಲ್ಲವಾಗುವುದರಿಂದ. ಪಿಎಸ್4 ಆಟಗಳನ್ನೇ ಹೆಚ್ಚಾಗಿ ಆಡುವವರಿಗೆ ಇದು ಒಳ್ಳೆಯದು. ಪಿಎಸ್5 ಆಟಗಳನ್ನೇ ಆಡುವವರು ಈ ಹಣವನ್ನು ಮುಂದಿನ ದಾರಿಗೆ ಉಳಿಸಿಕೊಳ್ಳಲಿ.

ನಾಲ್ಕನೆಯ ದಾರಿ: ಒಳಗೆ ಇನ್ನೊಂದು ಎಸ್‌ಎಸ್‌ಡಿ

ಪಿಎಸ್5ರ ಹೊದಿಕೆಯ ಅಡಿಯಲ್ಲಿ ಎಂ.2 ಎಸ್‌ಎಸ್‌ಡಿಗೆಂದು ಒಂದು ಖಾಲಿ ಗೂಡಿದೆ. 2021ರ ಸೆಪ್ಟೆಂಬರ್‌ನಿಂದ ಅದನ್ನು ಬಳಸಬಹುದು. ಇಲ್ಲಿ ಕುಳಿತ ಪಿಎಸ್5 ಆಟ ನೇರವಾಗಿ ನಡೆಯುತ್ತದೆ, ಎತ್ತಿಡುವ ಇಳಿಸುವ ಕೆಲಸವಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು: ಪಿಸಿಐಇ 4.0, ಎನ್‌ವಿಎಂಇ, ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚು, ಮತ್ತು ಶಾಖ ಹೀರುವ ಹೀಟ್‌ಸಿಂಕ್. ಹೀಟ್‌ಸಿಂಕ್ ಸೇರಿ ಒಟ್ಟು ಎತ್ತರ 11.25 ಮಿಲಿಮೀಟರ್ ಮೀರಬಾರದು, ಮೀರಿದರೆ ಗೂಡಿನ ಮುಚ್ಚಳ ಕೂರುವುದಿಲ್ಲ. ಪಿಸಿ ಕಟ್ಟುವವರಿಗೆಂದು ಮಾಡಿದ ಕೆಲವು ದಪ್ಪ ಹೀಟ್‌ಸಿಂಕ್‌ಗಳು ಇಲ್ಲಿಯೇ ಕೈಕೊಡುತ್ತವೆ. 7,000 ಎಂಬಿ ವೇಗದ್ದಕ್ಕೆ ಹೆಚ್ಚು ಹಣ ಕೊಡಬೇಕೆ? ಬೇಡ ಎನ್ನುತ್ತೇನೆ. ಆಟಗಳನ್ನು ಕಟ್ಟಿರುವುದು ಒಳಗಿನ ಎಸ್‌ಎಸ್‌ಡಿಯ ವೇಗವನ್ನು ಲೆಕ್ಕಕ್ಕಿಟ್ಟುಕೊಂಡು. ಅದಕ್ಕಿಂತ ಹೆಚ್ಚಿನ ವೇಗ ಆಟದಲ್ಲಿ ಕಣ್ಣಿಗೆ ಕಾಣುವುದಿಲ್ಲ. ಆ ಹಣವನ್ನು 1 ಟಿಬಿ ಬದಲು 2 ಟಿಬಿಗೆ ಹಾಕಿ.

ನನ್ನದೇ ತಪ್ಪೊಂದನ್ನು ಹೇಳಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಎಂ.2 ಎಸ್‌ಎಸ್‌ಡಿ ಕೇಳಿದಾಗ ಅಗ್ಗದ್ದೊಂದನ್ನು ಕೊಟ್ಟರು, ನಾನು ಪೆಟ್ಟಿಗೆಯನ್ನು ಸರಿಯಾಗಿ ಓದದೆ ತಂದೆ. ಗೂಡಿನಲ್ಲಿ ಸಲೀಸಾಗಿ ಕುಳಿತಿತು. ಕನ್ಸೋಲ್ ಮಾತ್ರ ಅದನ್ನು ಗುರುತಿಸಲೇ ಇಲ್ಲ. ಅದು ಎಂ.2 ಆಕಾರದ್ದೇ ಆದರೂ ಒಳಗಿನ ಸಂಪರ್ಕ ಹಳೆಯ ಸಾಟಾ ಬಗೆಯದು. ಚಿನ್ನದ ಬಣ್ಣದ ಹಲ್ಲುಗಳ ಅಂಚನ್ನು ನೋಡಿದರೆ ಗುರುತು ಸಿಗುತ್ತದೆ. ಪಿಎಸ್5ಕ್ಕೆ ಹೊಂದುವುದರಲ್ಲಿ ಒಂದೇ ಕಚ್ಚು ಇರುತ್ತದೆ, ಎರಡು ಕಡೆ ಕಚ್ಚಿದ್ದರೆ ಅಲ್ಲಿಯೇ ವಾಪಸ್ ಕೊಡಿ. ಒಂದೇ ಕಚ್ಚಿದೆ ಎಂದ ಮಾತ್ರಕ್ಕೆ ಸರಿಯಾದದ್ದೆಂದಲ್ಲ, ಪಿಸಿಐಇ 3.0 ಆಗಿರಬಹುದು, ಆದ್ದರಿಂದ ಪೆಟ್ಟಿಗೆಯ ಮೇಲಿನ ಬರಹವನ್ನೂ ಓದಬೇಕು.

ಕೂರಿಸುವುದು ಕಷ್ಟವಲ್ಲ. ಕನ್ಸೋಲನ್ನು ಪೂರ್ತಿ ಆರಿಸಿ, ವಿದ್ಯುತ್ ತಂತಿ ಕಿತ್ತು, ತಣ್ಣಗಾಗಲು ಬಿಡಿ. ಮೇಜಿನ ಮೇಲೆ ಬಟ್ಟೆ ಹಾಸಿ ಮಲಗಿಸಿ, ಹೊದಿಕೆಯ ತುದಿಯನ್ನು ಮೆಲ್ಲಗೆ ಎತ್ತಿ ಜಾರಿಸಿದರೆ ಬಿಚ್ಚಿಕೊಳ್ಳುತ್ತದೆ. ಮೊದಲ ಸಲ ಬರುವ ಟಕ್ ಎಂಬ ಸದ್ದಿಗೆ ಎದೆ ಝಲ್ಲೆನ್ನುತ್ತದೆ, ಆದರೆ ಏನೂ ಮುರಿದಿರುವುದಿಲ್ಲ. ಉದ್ದನೆಯ ಲೋಹದ ಮುಚ್ಚಳದ ಒಂದೇ ತಿರುಪನ್ನು ಪ್ಲಸ್ ಸ್ಕ್ರೂಡ್ರೈವರ್‌ನಿಂದ ತೆಗೆಯಿರಿ. ಗೂಡಿನೊಳಗೆ 30, 42, 60, 80, 110 ಎಂದು ರಂಧ್ರಗಳಿವೆ, ಅವು ಮಿಲಿಮೀಟರ್‌ನಲ್ಲಿ ಎಸ್‌ಎಸ್‌ಡಿಯ ಉದ್ದ. ಅಂಗಡಿಯಲ್ಲಿ ಸಿಗುವ ಹೆಚ್ಚಿನವು 80. ಗೂಡಿನಲ್ಲೇ ಇರುವ ಚಿಕ್ಕ ಉಂಗುರವನ್ನು 80ರ ರಂಧ್ರಕ್ಕೆ ಸರಿಸಿ, ಎಸ್‌ಎಸ್‌ಡಿಯನ್ನು ಓರೆಯಾಗಿ ಚುಚ್ಚಿ, ಮಲಗಿಸಿ, ತಿರುಪು ಹಾಕಿ. ಆ ಉಂಗುರವನ್ನು ಸರಿಸಲು ಮರೆತರೆ ಎಸ್‌ಎಸ್‌ಡಿ ಬಾಗಿ ಕೂರುತ್ತದೆ. ಎಲ್ಲವನ್ನೂ ಮುಚ್ಚಿ ಕನ್ಸೋಲ್ ಹಚ್ಚಿದಾಗ ಫಾರ್ಮ್ಯಾಟ್ ಮಾಡಲು ಅದೇ ಕೇಳುತ್ತದೆ. ಹೊಸ ಎಸ್‌ಎಸ್‌ಡಿ ಮಾತ್ರ ಫಾರ್ಮ್ಯಾಟ್ ಆಗುತ್ತದೆ, ಒಳಗಿನ ಆಟಗಳಿಗೆ ಏನೂ ಆಗುವುದಿಲ್ಲ. ಕೊನೆಯಲ್ಲಿ ಓದುವ ವೇಗವನ್ನು ಪರದೆಯ ಮೇಲೆ ತೋರಿಸುತ್ತದೆ.

ಎಕ್ಸ್‌ಬಾಕ್ಸ್ ಸೀರೀಸ್ ಎಸ್, ಎಕ್ಸ್ ಇರುವವರಿಗೆ ಈ ಗೂಡಿಲ್ಲ. ಅವರು ಹಿಂಭಾಗದ ಕಿಂಡಿಗೆಂದೇ ಮಾಡಿದ ವಿಸ್ತರಣಾ ಕಾರ್ಡ್ ಕೊಳ್ಳಬೇಕು. ಎಕ್ಸ್‌ಬಾಕ್ಸ್ ಒನ್‌ನಂಥ ಹಳೆಯ ಕನ್ಸೋಲ್‌ಗಳ ಆಟಗಳು ಮಾತ್ರ ಯುಎಸ್‌ಬಿ ಡಿಸ್ಕ್‌ನಿಂದ ನಡೆಯುತ್ತವೆ. 512 ಜಿಬಿಯ ಸೀರೀಸ್ ಎಸ್‌ನಲ್ಲಿ ಕೈಗೆ ಸಿಗುವುದು ಸುಮಾರು 364 ಜಿಬಿ, ಆದ್ದರಿಂದ ಅಲ್ಲಿ ಈ ವಿಂಗಡಣೆ ಇನ್ನೂ ಬಿಗಿಯಾಗಿರಬೇಕು.

ಹುಡುಗನ ಪಟ್ಟಿ

ಅವನು ಕಳಿಸಿದ ಲೆಕ್ಕ ಹೀಗಿತ್ತು. ಪಿಎಸ್5 ಆಟಗಳು ಐದು: ಫುಟ್‌ಬಾಲ್ 55 ಜಿಬಿ, ಶೂಟಿಂಗ್ 160, ಕಾರ್ ರೇಸ್ 120, ದೊಡ್ಡ ಸಾಹಸದ ಆಟಗಳೆರಡು 110 ಮತ್ತು 95. ಪಿಎಸ್4 ಆಟಗಳು ಮೂರು: 45, 40, 25. ಅವುಗಳ ಮೇಲೆ ವಿಡಿಯೊ ತುಣುಕುಗಳು 12 ಜಿಬಿ. ಒಟ್ಟು 662. ಉಳಿದದ್ದು 5 ಜಿಬಿ, ಶೂಟಿಂಗ್ ಆಟದ ಅಪ್‌ಡೇಟ್ ಕೇಳುತ್ತಿದ್ದದ್ದು 20.

ಪಿಎಸ್4 ಆಟಗಳು ಮೂರನ್ನೂ ಗೃಹಪ್ರವೇಶದ ಡಿಸ್ಕ್‌ಗೆ ಕಳಿಸಿದೆವು, 110 ಜಿಬಿ ಬಂತು. `Settings > Storage > Console Storage > Games and Apps` ನಲ್ಲಿ ಆಟಗಳನ್ನು ಆರಿಸಿ ಕಳಿಸುವುದು ಎರಡು ಗುಂಡಿಯ ಕೆಲಸ. 95 ಜಿಬಿಯ ಸಾಹಸದ ಆಟವನ್ನು ಅವನು ಆಗಲೇ ಪೂರ್ತಿ ಮುಗಿಸಿದ್ದ. "ಮತ್ತೆ ಆಡಬೇಕೆನಿಸಿದರೆ?" ಎಂದ. ಹಾಗಾದರೆ ಅಳಿಸುವುದು ಬೇಡ, ಅದೂ ಡಿಸ್ಕ್‌ಗೆ ಹೋಗಲಿ ಎಂದೆ. ಶೂಟಿಂಗ್ ಆಟದಲ್ಲಿ ಅವನು ಗೆಳೆಯರ ಜೊತೆ ಆನ್‌ಲೈನ್ ಮಾತ್ರ ಆಡುತ್ತಾನೆ. ಕತೆಯ ಭಾಗ ಬೇರೆಯಾಗಿ 35 ಜಿಬಿ ಹಿಡಿದಿತ್ತು. ಇಂಥ ಕೆಲವು ಆಟಗಳಲ್ಲಿ ಬೇಡದ ಭಾಗವನ್ನಷ್ಟೇ ಅಳಿಸಬಹುದು. ಮುಖಪುಟದಲ್ಲಿ ಆಟದ ಚಿತ್ರದ ಮೇಲೆ ನಿಂತು ಆಯ್ಕೆಗಳ ಗುಂಡಿ ಒತ್ತಿದರೆ `Manage Game Content` ಕಾಣುತ್ತದೆ. ವಿಡಿಯೊಗಳಲ್ಲಿ ಹೆಚ್ಚಿನವು ಅವನು ತೆಗೆದದ್ದೇ ಅಲ್ಲ, ಪ್ರತಿ ಟ್ರೋಫಿ ಗೆದ್ದಾಗ ಕನ್ಸೋಲ್ ತಾನಾಗಿ ಉಳಿಸಿದ ತುಣುಕುಗಳು. 9 ಜಿಬಿ ಅಳಿಸಿ, `Settings > Captures and Broadcasts > Trophies` ನಲ್ಲಿ ಅದನ್ನು ನಿಲ್ಲಿಸಿದೆವು.

ಕೂಡಿದರೆ 249 ಜಿಬಿ ಬಿಡುವಾಯಿತು, ಮೊದಲಿದ್ದ 5 ಸೇರಿ 254. ಖರ್ಚು ಸೊನ್ನೆ. ಅವನ ಮನೆಯ ಇಂಟರ್ನೆಟ್ 40 ಎಂಬಿಪಿಎಸ್, ಒಮ್ಮೆಗೆ ಅವನು ಆಡುವುದು ಎರಡು ಮೂರು ಆಟ. ಅವನಿಗೆ ಇಷ್ಟು ಸಾಕು. ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಇಬ್ಬರು ಮಕ್ಕಳು, ಇಬ್ಬರದೂ ಬೇರೆ ಬೇರೆ ಪಿಎಸ್5 ಆಟಗಳು, ಎಲ್ಲವೂ ವಾರದಲ್ಲಿ ಒಮ್ಮೆಯಾದರೂ ಬೇಕು. ಅಲ್ಲಿ ಅಟ್ಟ ಹತ್ತಿ ಇಳಿಯುವುದೇ ಕೆಲಸವಾಗುತ್ತಿತ್ತು. ಅವರಿಗೆ 2 ಟಿಬಿ ಎಂ.2 ಕೊಳ್ಳಲು ಹೇಳಿದೆ, ಅದು ಸರಿಯಾದ ಖರ್ಚು.

ಹುಡುಗನಿಗೆ ಕೊನೆಯಲ್ಲಿ ಹೇಳಿದ್ದು ಎರಡು. ಒಂದು, ಎಸ್‌ಎಸ್‌ಡಿಯನ್ನು ಅಂಚಿನವರೆಗೆ ತುಂಬಬೇಡ, ದೊಡ್ಡ ಅಪ್‌ಡೇಟ್‌ಗಳಿಗೆಂದು 60-70 ಜಿಬಿ ಖಾಲಿ ಬಿಡು. ಇನ್ನೊಂದು ಯುಎಸ್‌ಬಿ ಡಿಸ್ಕ್ ವಿಷಯ. ಆಟ ನಕಲಾಗುತ್ತಿರುವಾಗ ತಂತಿ ಕೀಳಬೇಡ, ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ ದೊಡ್ಡ ನಕಲು ಹಚ್ಚಬೇಡ, ತೆಗೆಯುವ ಮುನ್ನ `Settings > Storage > USB Extended Storage` ನಲ್ಲಿ `Safely Remove from PS5` ಒತ್ತು. ಅವನು ಒಂದು ಸಲ ಅದನ್ನು ಮರೆತು ಡಿಸ್ಕ್ ಕಿತ್ತ. ಮುಂದಿನ ಬಾರಿ ಹಚ್ಚಿದಾಗ ಡಿಸ್ಕ್ ದುರಸ್ತಿಯಾಗುತ್ತಿದೆ ಎಂಬ ಸೂಚನೆ ಬಂತು. ಸ್ವಲ್ಪ ಹೊತ್ತು ಸುಮ್ಮನೆ ಕಾದ, ಆಟಗಳೆಲ್ಲ ಸರಿಯಾಗಿಯೇ ಇದ್ದವು.